ಬೇಳೆ ಪ್ಯಾಕೆಟ್‌ನ ನಕ್ಷೆ: ಎರಡು ಗೆರೆ ಎಲ್ಲಿ ಎಳೀಬೇಕು?

(ಈ ವಾರದ ಸಂಚಿಕೆಯ ಲಿಖಿತ ರೂಪ)

ಇವತ್ತು ಒಂದೇ ಒಂದು ವಿಷಯ ತಗೊಂಡೀನಿ. ಒಂದು ಕಿಲೋ ತೊಗರಿ ಬೇಳೆ ಪ್ಯಾಕೆಟ್. ಅದರ ಮುಂಭಾಗದಲ್ಲಿ ದೊಡ್ಡಕ್ಷರದಲ್ಲಿ ಏನು ಬರೀಬೇಕು ಅನ್ನೋ ಪ್ರಶ್ನೆ.

ಯಾಕೆ ಈ ಪ್ರಶ್ನೆ ಅಂದ್ರೆ, ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದಲ್ಲಿ ಒಂದು ಸಂಘದ ಅಕ್ಕೋರು ತಮ್ಮ ಹೊಲದ ತೊಗರಿಯನ್ನ ತಾವೇ ಬೇಳೆ ಮಾಡಿಸಿ ಮಾರಬೇಕು ಅಂತ ಹೊರಟಾರೆ. ತೊಗರಿ ಅದ, ಮಿಲ್ ಗೊತ್ತು, ದುಡಿಯೋ ಕೈ ಅದಾವೆ. ಸಿಕ್ಕಿಹಾಕಿಕೊಂಡಿದ್ದು ಪೌಚ್ ಹತ್ತಿರ. ಬಣ್ಣದ ಪೌಚ್ ಅಚ್ಚು ಹಾಕಿಸಬೇಕಾದ್ರೆ ಸಿಲಿಂಡರ್ ಮಾಡಿಸೋ ಖರ್ಚು ಬೇರೆ, ಮೇಲೆ ಸಾವಿರಗಟ್ಟಲೆ ಪೌಚ್ ಒಮ್ಮೆಲೇ ತಗೋಬೇಕು. ಒಮ್ಮೆ ಅಚ್ಚಾದ ಮೇಲೆ ಮಾತು ಬದಲಿಸೋಕೆ ಬರಲ್ಲ. ಸಂಘದ ಉಳಿತಾಯದ ದುಡ್ಡು ಆ ಒಂದು ಸಾಲಿನ ಮೇಲೆ ನಿಂತದ. "ತಮ್ಮಾ, ನೀ ಬಿ.ಕಾಂ. ಓದೀದಿ, ಏನ್ ಬರಸಬೇಕು ಹೇಳು" ಅಂದ್ರು. ನಾನು ಹೇಳಿದ್ದು: ಬರಸೋದು ಆಮೇಲೆ ಅಕ್ಕೋರೆ, ಮೊದಲು ಒಂದು ನಕ್ಷೆ ಬರೆಯೋಣ.

ಆ ನಕ್ಷೆಗೆ ಮಾರ್ಕೆಟಿಂಗ್ ಪುಸ್ತಕದಲ್ಲಿ ಪೊಸಿಷನಿಂಗ್ ಮ್ಯಾಪ್ ಅಂತಾರೆ. ಹಾಳೆ ಮೇಲೆ ಒಂದು ಅಡ್ಡಗೆರೆ, ಒಂದು ಉದ್ದಗೆರೆ. ಎರಡೂ ನಡುವೆ ಕೂಡ್ತಾವೆ, ನಾಲ್ಕು ಮೂಲೆ ಆಗ್ತಾವೆ. ಅಂಗಡಿಯಲ್ಲಿರೋ ಒಂದೊಂದು ಬ್ರ್ಯಾಂಡನ್ನೂ ಒಂದೊಂದು ಚುಕ್ಕಿಯಾಗಿ ಅದರಲ್ಲಿ ಇಡೋದು. ಎಲ್ಲಿ ಚುಕ್ಕಿ ಕಿಕ್ಕಿರಿದಾವೆ, ಎಲ್ಲಿ ಖಾಲಿ ಅದ ಅಂತ ಕಣ್ಣಿಗೆ ಕಾಣ್ತದೆ. ಬರೆಯೋದು ಐದು ನಿಮಿಷದ ಕೆಲಸ. ಕಷ್ಟ ಇರೋದು ಆ ಎರಡು ಗೆರೆಗೆ ಏನು ಹೆಸರು ಇಡೋದು ಅನ್ನೋದ್ರಲ್ಲಿ. ಗೆರೆ ತಪ್ಪಾಗಿ ಆರಿಸಿದ್ರೆ ನಕ್ಷೆ ಚಂದನೇ ಕಾಣ್ತದೆ, ಆದ್ರೆ ಇಲ್ಲದ ಜಾಗವನ್ನ ಇದೆ ಅಂತ ತೋರಿಸ್ತದೆ.

ಬೇಳೆಯನ್ನೇ ಯಾಕೆ ಉದಾಹರಣೆ ತಗೊಂಡೆ ಅಂದ್ರೆ, ಇಷ್ಟು ಕಿಕ್ಕಿರಿದ ಸಂತೆ ಬೇರೆ ಇಲ್ಲ. ಕಲಬುರಗಿ ಅಂದ್ರೆ ತೊಗರಿ ಕಣಜ ಅಂತ ಶಾಲೆಯಲ್ಲೇ ಓದೀವಿ. 2019ರಲ್ಲಿ ನಮ್ಮ ಬೇಳೆಗೆ 'ಗುಲ್ಬರ್ಗಾ ತೂರ್ ದಾಲ್' ಅನ್ನೋ ಹೆಸರಲ್ಲಿ ಜಿಐ ಟ್ಯಾಗ್, ಅಂದ್ರೆ ಭೌಗೋಳಿಕ ಗುರುತು ಸಿಕ್ಕಿತು. ಕಲಬುರಗಿಯಲ್ಲಿರೋ ತೊಗರಿ ಅಭಿವೃದ್ಧಿ ಮಂಡಳಿಯದ್ದೇ 'ಭೀಮಾ ಪಲ್ಸಸ್' ಅನ್ನೋ ಬ್ರ್ಯಾಂಡ್ ಇದೆ. ಮಿಲ್ಲಿನವರ ಬ್ರ್ಯಾಂಡ್ ಬೇರೆ, ಸೂಪರ್ ಮಾರ್ಕೆಟಿನ ಸ್ವಂತ ಪ್ಯಾಕೆಟ್ ಬೇರೆ, ಟಿವಿಯಲ್ಲಿ ಜಾಹೀರಾತು ಬರೋ ದೊಡ್ಡ ಕಂಪನಿ ಬೇರೆ, ಸಾವಯವ ಅನ್ನೋರು ಬೇರೆ. ಇದೆಲ್ಲದರ ಜೊತೆ ಕಿರಾಣಿ ಅಂಗಡಿಯ ಚೀಲದಿಂದ ತೂಗಿ ಕೊಡೋ ಲೂಸ್ ಬೇಳೆ. ಇಷ್ಟೂ ಮಂದಿ ನಡುವೆ ಒಂದು ಹಳ್ಳಿ ಸಂಘ ಎಲ್ಲಿ ನಿಲ್ಲಬೇಕು?

ಮೊದಲು ಎಲ್ಲರೂ ಬರೆಯೋ ನಕ್ಷೆಯನ್ನೇ ಬರೆದ್ವಿ. ಅಡ್ಡಗೆರೆ ಬೆಲೆ, ಉದ್ದಗೆರೆ ಗುಣಮಟ್ಟ. ಆರು ಬಗೆಯ ಬೇಳೆ ತಂದು ಮುಂದೆ ಇಟ್ಕೊಂಡು ಅಕ್ಕೋರು ಒಂದರಿಂದ ಐದರವರೆಗೆ ಅಂಕ ಹಾಕಿದ್ರು. ಇದು ಸಮೀಕ್ಷೆ ಅಲ್ಲ, ಒಂದು ಮಧ್ಯಾಹ್ನ ಕೂತು ಮಾಡಿದ ಅಂದಾಜು. ಗುಣಮಟ್ಟದ ಅಂಕ ನೋಡಿದಾಕ್ಷಣ ಹಾಕಿದ್ದು, ಯಾಕಂದ್ರೆ ಅಂಗಡಿಯಲ್ಲಿ ಗಿರಾಕಿನೂ ಹಾಗೇ ಹಾಕ್ತಾರೆ. ಬ್ರ್ಯಾಂಡ್ ಹೆಸರು ಹೇಳೋದಿಲ್ಲ, ಬಗೆ ಹೇಳ್ತೀನಿ.

| ಬೇಳೆಯ ಬಗೆ | ಬೆಲೆ | ಗುಣಮಟ್ಟ |
|---|---|---|
| ಕಿರಾಣಿ ಲೂಸ್ | 1 | 2 |
| ಸೂಪರ್ ಮಾರ್ಕೆಟ್ ಸ್ವಂತದ್ದು | 2 | 2 |
| ದೊಡ್ಡ ಕಂಪನಿ | 4 | 4 |
| ಸಾವಯವ | 5 | 5 |
| ಮಿಲ್ ಬ್ರ್ಯಾಂಡ್ | 3 | 2 |
| ಜಿಐ ಹೆಸರಿನದ್ದು | 3 | 3 |

ಕೇಳ್ತಿರೋರು ಕಣ್ಣು ಮುಚ್ಚಿ ಊಹಿಸಿಕೊಳ್ರಿ. ಈ ಆರು ಚುಕ್ಕಿ ಇಟ್ಟರೆ ಕೆಳಗಿನ ಎಡ ಮೂಲೆಯಿಂದ ಮೇಲಿನ ಬಲ ಮೂಲೆಗೆ ಒಂದು ಓರೆ ಸಾಲು ಆಗ್ತದೆ. ಇರುವೆ ಸಾಲಿನ ಹಾಗೆ. ಕಡಿಮೆ ಬೆಲೆ ಇದ್ದದ್ದು ಕಡಿಮೆ ಗುಣಮಟ್ಟ, ಹೆಚ್ಚು ಬೆಲೆ ಇದ್ದದ್ದು ಹೆಚ್ಚು ಗುಣಮಟ್ಟ. ಅಂದ್ರೆ ಎರಡು ಗೆರೆ ಎಳೆದ್ರೂ ನಮಗೆ ಗೊತ್ತಾಗಿದ್ದು ಒಂದೇ ಸಂಗತಿ. ಬೆಲೆ ಗೊತ್ತಾದ್ರೆ ಗುಣಮಟ್ಟದ ಅಂಕವನ್ನ ನೋಡದೇ ಹೇಳಬಹುದು. ಗಿರಾಕಿ ಮನಸ್ಸಿನಲ್ಲಿ ಬೆಲೆಯೇ ಗುಣಮಟ್ಟದ ಚೀಟಿ ಆಗಿಬಿಟ್ಟದೆ.

ಇದನ್ನ ಕಣ್ಣಳತೆಯಲ್ಲಿ ಬೇಡ, ಲೆಕ್ಕದಲ್ಲೇ ನೋಡ್ತೀವಿ ಅಂದ್ರೆ ಮೊಬೈಲಿನ ಶೀಟ್ಸ್ ಆ್ಯಪ್ ಸಾಕು. B ಕಾಲಮ್ಮಿನಲ್ಲಿ ಬೆಲೆಯ ಆರು ಅಂಕ, C ಕಾಲಮ್ಮಿನಲ್ಲಿ ಗುಣಮಟ್ಟದ ಆರು ಅಂಕ ಹಾಕಿ ಇದನ್ನ ಟೈಪ್ ಮಾಡ್ರಿ:

```
=CORREL(B2:B7,C2:C7)
```

ಉತ್ತರ 1ರ ಹತ್ತಿರ ಬಂದ್ರೆ, ಅಥವಾ ಮೈನಸ್ 1ರ ಹತ್ತಿರ ಬಂದ್ರೆ, ಎರಡೂ ಗೆರೆ ಒಂದೇ ಮಾತು ಹೇಳ್ತಾವೆ ಅಂತ ಅರ್ಥ. ಸೊನ್ನೆ ಹತ್ತಿರ ಇದ್ರೆ ಎರಡೂ ಬೇರೆ ಬೇರೆ ಮಾತು. ನಮ್ಮದು 0.89 ಬಂತು. ಒಂದು ಗೆರೆ ದಂಡ. ಒಂದು ಎಚ್ಚರಿಕೆ: ಬರೀ ಆರು ಚುಕ್ಕಿ ಇರೋವಾಗ ಒಂದು ಚುಕ್ಕಿ ಆಚೀಚೆ ಆದ್ರೂ ಈ ಸಂಖ್ಯೆ ಅಲ್ಲಾಡ್ತದೆ. ಹಂಗಾಗಿ 0.3ಕ್ಕೂ 0.4ಕ್ಕೂ ಜಗಳ ಆಡೋದು ಬೇಡ. 0.9ಕ್ಕೂ 0.2ಕ್ಕೂ ಇರೋ ದೂರ ಮಾತ್ರ ನೋಡ್ರಿ.

ಈಗ ಅಪಾಯ ಎಲ್ಲಿದೆ ಅಂದ್ರೆ ಆ ನಕ್ಷೆಯ ಖಾಲಿ ಮೂಲೆಯಲ್ಲಿ. ಓರೆ ಸಾಲಿನ ನಕ್ಷೆಯಲ್ಲಿ ಯಾವಾಗಲೂ ಒಂದು ಮೂಲೆ ಖಾಲಿ ಕಾಣ್ತದೆ: ಕಡಿಮೆ ಬೆಲೆ, ಹೆಚ್ಚು ಗುಣಮಟ್ಟ. ನೋಡಿದ ಕೂಡಲೇ ಎಲ್ಲರೂ ಅಲ್ಲಿಗೇ ಬೆರಳು ಇಡ್ತಾರೆ. ಅಲ್ಲಿದ್ದ ಒಬ್ಬರು ಅಕ್ಕೋರು ಅಂದ್ರು, "ಇಲ್ಲಿ ಯಾರೂ ಇಲ್ಲಲ್ಲ, ನಾವ್ ಇಲ್ಲೇ ಕುಂದ್ರೋಣ." ಆಗ ನಾವು ಲೆಕ್ಕ ಮಾಡಿದ್ವಿ.

ಕೇಂದ್ರ ಸರ್ಕಾರ 2025-26ಕ್ಕೆ ತೊಗರಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ನೂರು ಕಿಲೋ ತೊಗರಿ ಮಿಲ್ಲಿಗೆ ಹಾಕಿದ್ರೆ ನೂರು ಕಿಲೋ ಬೇಳೆ ಬರಲ್ಲ. ಸಿಪ್ಪೆ ಹೋಗ್ತದೆ, ನುಚ್ಚು ಹೋಗ್ತದೆ, ಪುಡಿ ಹೋಗ್ತದೆ. ಸಾಮಾನ್ಯವಾಗಿ 70ರಿಂದ 75 ಕಿಲೋ ಬೇಳೆ ಕೈಗೆ ಸಿಗ್ತದೆ. 72 ಅಂತ ಹಿಡೀರಿ. 8,000 ಭಾಗಿಸು 72, ಸುಮಾರು 111 ರೂಪಾಯಿ. ಅಂದ್ರೆ ರೈತರಿಗೆ ಬೆಂಬಲ ಬೆಲೆ ಸಿಗಬೇಕು ಅಂದ್ರೆ, ಒಂದು ಕಿಲೋ ಬೇಳೆಯ ಒಳಗೆ ಕಾಳಿನ ದುಡ್ಡೇ 111 ರೂಪಾಯಿ ಕೂತಿರ್ತದೆ. ಹೊಟ್ಟು, ನುಚ್ಚು ದನದ ಮೇವಿಗೆ ಮಾರಿ ಸ್ವಲ್ಪ ವಾಪಸ್ ಬರ್ತದೆ. ಆದ್ರೆ ಮಿಲ್ಲಿನ ಕೂಲಿ, ಪೌಚ್, ಸಾಗಾಣಿಕೆ, ಅಂಗಡಿಯವರ ಲಾಭ ಇನ್ನೂ ಸೇರಿಸೇ ಇಲ್ಲ. ಒಳ್ಳೆ ಬೇಳೆಯನ್ನ ಎಲ್ಲರಿಗಿಂತ ಅಗ್ಗಕ್ಕೆ ಕೊಡಬೇಕಾದ್ರೆ ಆ ದುಡ್ಡು ಒಬ್ಬರ ಜೇಬಿನಿಂದ ಹೋಗಬೇಕು, ಮತ್ತು ಇಲ್ಲಿ ಬೆಳೆಯೋರೂ ಮಾರೋರೂ ಒಬ್ಬರೇ. ಆ ಮೂಲೆ ಖಾಲಿ ಇರೋದು ಯಾರೂ ನೋಡಿಲ್ಲ ಅಂತಲ್ಲ, ಅಲ್ಲಿ ಕೂತವರ ಹೊಟ್ಟೆ ತುಂಬಲ್ಲ ಅಂತ. ಅದು ಖಾಲಿ ಸೈಟ್ ಅಲ್ಲ, ಬಾವಿ.

ಬೆಲೆ-ಗುಣಮಟ್ಟ ಬಿಟ್ವಿ. ಎರಡನೇದಾಗಿ ಎಲ್ಲರ ಬಾಯಲ್ಲೂ ಬಂದಿದ್ದು "ಪಾಲಿಶ್ ಇಲ್ಲದ್ದು". ಇದು ಕೇಳೋಕೆ ಗಟ್ಟಿ ಗೆರೆ. ಬೇಳೆ ಒಡೆದ ಮೇಲೆ ಮಿಲ್ಲಿನಲ್ಲಿ ನೀರು ಅಥವಾ ಎಣ್ಣೆ ಸವರಿ ಉಜ್ಜಿ ಹೊಳಪು ಕೊಡ್ತಾರೆ. ಅದು ಪಾಲಿಶ್. ಮಾಡದೇ ಬಿಟ್ರೆ ಬೇಳೆ ಮಂಕಾಗಿ ಕಾಣ್ತದೆ, ಬೆರಳಿಗೆ ಪುಡಿ ಹತ್ತುತ್ತದೆ. ಪ್ಯಾಕೆಟ್ ಬೇಳೆಯಲ್ಲಿ ಟಾಟಾ ಸಂಪನ್ನದಂಥ ದೊಡ್ಡ ಬ್ರ್ಯಾಂಡ್ ಇದೇ ಮಾತನ್ನ ಮುಂದಿಟ್ಟು ಮಾರಾಟ ಮಾಡ್ತು. ಅಂಥ ಹೊತ್ತಿನಲ್ಲಿ ಈ ಗೆರೆ ಬೇಳೆಗಳನ್ನ ನಿಜವಾಗಿ ಎರಡು ಗುಂಪು ಮಾಡ್ತಿತ್ತು: ಹೇಳೋರು ಮತ್ತು ಹೇಳದೇ ಇರೋರು.

ಇವತ್ತು ಅಂಗಡಿಗೆ ಹೋಗಿ ನೋಡ್ರಿ. ಒಂದಾದ ಮೇಲೊಂದು ಪ್ಯಾಕೆಟ್ ಮೇಲೆ ಅದೇ ಮಾತು. ಅಂಕ ಹಾಕೋಕೆ ಕೂತ್ರೆ ಪ್ಯಾಕೆಟ್ ಎಲ್ಲವೂ ನಾಲ್ಕು, ಐದು. ಚುಕ್ಕಿಗಳೆಲ್ಲ ಒಂದೇ ಬದಿಗೆ ಹೋಗಿ ಒಂದರ ಮೇಲೊಂದು ಕೂತುಬಿಡ್ತಾವೆ. ಗಿರಾಕಿಗೆ ಅದು ಬೇಕು, ನಿಜ. ಆದ್ರೆ ಎಲ್ಲರೂ ಕೊಡ್ತಿರೋದ್ರಿಂದ ಅದನ್ನ ನೋಡಿ ಯಾರನ್ನೂ ಆರಿಸೋಕೆ ಬರಲ್ಲ. ಮದುವೆ ಊಟದಲ್ಲಿ ಉಪ್ಪಿನ ಹಾಗೆ. ಇಲ್ಲದಿದ್ರೆ ಬೈತಾರೆ, ಇದ್ರೆ ಯಾರೂ ಹೊಗಳಲ್ಲ.

ಇಂಥ ಗೆರೆಯನ್ನ ಮೊದಲೇ ಹಿಡಿಯೋಕೆ ಒಂದು ಸುಲಭ ಪ್ರಶ್ನೆ ಇದೆ. ಗೆರೆಯ ಆ ಕಡೆ ತುದಿಯಲ್ಲಿ ಯಾರಾದ್ರೂ ಖುಷಿಯಿಂದ ನಿಲ್ತಾರಾ? "ನಮ್ಮದು ಪಾಲಿಶ್ ಮಾಡಿದ ಬೇಳೆ" ಅಂತ ಪ್ಯಾಕೆಟ್ ಮೇಲೆ ದೊಡ್ಡದಾಗಿ ಬರೆಸಿದವರು ಇದಾರಾ? "ನಮ್ಮ ಬೇಳೆ ಹೊಲಸು" ಅಂತ ಬರೆಸಿದವರು ಇದಾರಾ? ಇಲ್ಲ. ಶುದ್ಧ, ತಾಜಾ, ಆರೋಗ್ಯಕರ, ರುಚಿಕರ, ಈ ನಾಲ್ಕೂ ಹಾಗೇ. ಅವುಗಳಿಗೆ ಒಂದೇ ತುದಿ. ಒಂದೇ ತುದಿ ಇರೋದು ಗೆರೆ ಅಲ್ಲ, ಚುಕ್ಕಿ. ಒಳ್ಳೆಯ ಗೆರೆಗೆ ಎರಡೂ ತುದಿಯಲ್ಲಿ ಗಿರಾಕಿ ಇರ್ತಾರೆ, ಇಬ್ಬರೂ ತಮ್ಮದೇ ಸರಿ ಅಂತಾರೆ.

ಹಂಗಾದ್ರೆ ಎರಡು ತುದಿಯ ಗೆರೆ ಎಲ್ಲಿ ಸಿಗ್ತದೆ? ನಮ್ಮ ತಲೆಯಿಂದ ತೆಗೆದ್ರೆ ಮತ್ತೆ ಬೆಲೆ, ಗುಣಮಟ್ಟನೇ ಬರ್ತದೆ. ಅದಕ್ಕೆ ಕೊಳ್ಳೋರ ಬಾಯಿಂದ ತೆಗೀಬೇಕು. ಅದಕ್ಕೊಂದು ಹಳೇ ಉಪಾಯ ಇದೆ. ಜಾರ್ಜ್ ಕೆಲ್ಲಿ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರು 1955ರಲ್ಲಿ ಪ್ರಕಟಿಸಿದ ವಿಧಾನ. ಅವರು ಅದನ್ನ ಮಾಡಿದ್ದು ಮನುಷ್ಯರು ಸುತ್ತಲಿನವರನ್ನ ಹೇಗೆ ಬೇರೆ ಮಾಡಿ ನೋಡ್ತಾರೆ ಅಂತ ತಿಳಿಯೋಕೆ. ಮಾರ್ಕೆಟಿಂಗಿನವರು ಅದನ್ನೇ ತಂದು ಸೋಪು, ಬಿಸ್ಕತ್ತಿಗೆ ಬಳಸಿದ್ರು. ವಿಧಾನ ಇಷ್ಟೇ: ಮೂರು ಪ್ಯಾಕೆಟ್ ಮುಂದೆ ಇಡ್ರಿ. ಕೇಳ್ರಿ, "ಇದರಾಗ ಯಾವ ಎರಡು ಒಂದೇ ಥರ, ಯಾವುದು ಬ್ಯಾರೆ? ಹೆಂಗ ಬ್ಯಾರೆ?" ಉತ್ತರವನ್ನ ಅವರ ಮಾತಲ್ಲೇ ಬರ್ಕೊಳ್ರಿ. ಆಮೇಲೆ ಬೇರೆ ಮೂರು ಇಡ್ರಿ, ಮತ್ತೆ ಕೇಳ್ರಿ. "ಯಾವುದು ಚೊಲೋ?" ಅಂತ ಕೇಳಬಾರದು. ಚೊಲೋ ಅಂತ ಕೇಳಿದ್ರೆ ಅಂಕ ಸಿಗ್ತದೆ, ಬೇರೆ ಅಂತ ಕೇಳಿದ್ರೆ ಗೆರೆ ಸಿಗ್ತದೆ.

ಇದನ್ನ ಕಿಣ್ಣಿ ಸುಲ್ತಾನದಲ್ಲೂ ಕೇಳಿದ್ವಿ, ಫೋನಿನಲ್ಲಿ ಪುಣೆ ಮತ್ತು ಬೆಂಗಳೂರಿನಲ್ಲಿರೋ ನಮ್ಮ ಕಡೆಯವರನ್ನೂ ಫೋಟೋ ಕಳಿಸಿ ಕೇಳಿದ್ವಿ. ಯಾಕಂದ್ರೆ ಸಂಘ ಮಾರಬೇಕಂತಿರೋದು ಅವರಿಗೇ. ಊರಿನವರ ಮನೆಯಲ್ಲಿ ಬೇಳೆ ಇದ್ದೇ ಇರ್ತದೆ. ಬಂದ ಮಾತುಗಳಲ್ಲಿ ಮೂರು ಮತ್ತೆ ಮತ್ತೆ ಬಂದ್ವು.

ಒಂದು: "ಇವೆರಡೂ ಎಲ್ಲಿವು ಗೊತ್ತಿಲ್ಲ, ಇದು ನಮ್ಮ ಕಡೀದು." ಅಂದ್ರೆ ಊರು ಹೇಳೋ ಬೇಳೆ ಮತ್ತು ಊರು ಹೇಳದ ಬೇಳೆ.

ಎರಡು: "ಇವೆರಡು ತಿಂಗಳ ಸಾಮಾನದಾಗ ತರೋದು, ಇದು ವರ್ಷಕ್ಕ ಒಮ್ಮೆ ತುಂಬಿಡೋದು." ಇದು ನನಗೆ ಹೊಸದು. ನಮ್ಮ ಕಡೆ ಸುಗ್ಗಿ ಆದ ಮೇಲೆ ವರ್ಷದ ಬೇಳೆ, ಜೋಳ ತುಂಬಿಡೋ ಮನೆಗಳು ಇನ್ನೂ ಇದಾವೆ. ಊರು ಬಿಟ್ಟು ಹೋದವರೂ ಜಾತ್ರೆಗೆ ಬಂದಾಗ ಚೀಲ ಕಟ್ಕೊಂಡು ಹೋಗ್ತಾರೆ.

ಮೂರು: "ಇದು ಕುಕ್ಕರಿನ್ಯಾಗ ಕರಗಿ ಹೋಗತದ, ಇದು ಕಾಳ ಕಾಳ ಉಳೀತದ." ಸಾರಿಗೆ ಕರಗೋದು ಬೇಕು, ಗಟ್ಟಿ ಪಲ್ಯಕ್ಕೆ ಕಾಳು ಉಳಿಯೋದು ಬೇಕು. ಎರಡೂ ತುದಿಯಲ್ಲಿ ಗಿರಾಕಿ ಇದಾರೆ. ಗೆರೆ ಅಂತೂ ಚೊಲೋ ಇದೆ. ಆದ್ರೆ ಇದನ್ನ ನಾವು ಬಿಟ್ವಿ, ಯಾಕಂದ್ರೆ ಚುಕ್ಕಿ ಇಡೋಕೇ ಬರಲಿಲ್ಲ. ಬೇಳೆ ಬೇಯೋದು ಬೇಳೆಯ ಮೇಲಷ್ಟೇ ಇಲ್ಲ. ನೀರು ಗಡಸಾಗಿದ್ರೆ ತಡ, ಬೇಳೆ ಹಳೇದಾದ್ರೆ ತಡ, ನೆನೆ ಹಾಕಿದ್ರೆ ಬೇಗ. ಬೋರ್‌ವೆಲ್ ನೀರಿನ ಮನೆಯಲ್ಲಿ ಗಟ್ಟಿ ಅನ್ನಿಸಿದ್ದು ಕೆರೆ ನೀರಿನ ಮನೆಯಲ್ಲಿ ಮೆತ್ತಗಾಗ್ತದೆ. ಒಂದೇ ಪ್ಯಾಕೆಟ್ಟಿಗೆ ಒಬ್ಬರು ಎರಡು ಅಂಕ, ಇನ್ನೊಬ್ಬರು ಐದು ಕೊಟ್ರೆ ಆ ಗೆರೆ ಮೇಲೆ ನಕ್ಷೆ ನಿಲ್ಲಲ್ಲ.

ಉಳಿದಿದ್ದು ಎರಡು. ಇವಕ್ಕೆ ಅಂಕ ಹಾಕೋಕೆ ಅಳತೆಗೋಲು ಮೊದಲೇ ಬರೆದಿಟ್ಕೊಂಡ್ವಿ, ಇಲ್ಲಾಂದ್ರೆ ನಮಗೆ ಬೇಕಾದ ಹಾಗೆ ಹಾಕಿಬಿಡ್ತೀವಿ. ಊರಿನ ಗೆರೆಗೆ ಹೀಗೆ: ಏನೂ ಹೇಳದಿದ್ರೆ 1, ಅಂಗಡಿಯವರು ಬಾಯಲ್ಲಿ ಹೇಳಿದ್ರೆ 2, ಜಿಲ್ಲೆ ಅಥವಾ ಪ್ರದೇಶದ ಹೆಸರಿದ್ರೆ 3, ಆ ಹೆಸರಿಗೆ ಅಧಿಕೃತ ಗುರುತೂ ಇದ್ರೆ 4, ಹಳ್ಳಿ ಹೆಸರು ಮತ್ತು ಬೆಳೆದವರು ಯಾರು ಅಂತ ಇದ್ರೆ 5. ಕೊಳ್ಳೋ ರೀತಿಯ ಗೆರೆಗೆ: ಅರ್ಧ, ಒಂದು ಕಿಲೋ ಮಾತ್ರ ಸಿಕ್ಕಿದ್ರೆ 1, ಬೇಕಾದಷ್ಟು ತೂಗಿ ಕೊಟ್ರೆ 3, ವರ್ಷಕ್ಕಾಗೋ ದೊಡ್ಡ ಚೀಲ ಸಿಕ್ಕಿದ್ರೆ 5.

| ಬೇಳೆಯ ಬಗೆ | ಊರು ಹೇಳೋದು | ಕೊಳ್ಳೋ ರೀತಿ |
|---|---|---|
| ಕಿರಾಣಿ ಲೂಸ್ | 2 | 3 |
| ಸೂಪರ್ ಮಾರ್ಕೆಟ್ ಸ್ವಂತದ್ದು | 1 | 1 |
| ದೊಡ್ಡ ಕಂಪನಿ | 1 | 1 |
| ಸಾವಯವ | 3 | 1 |
| ಮಿಲ್ ಬ್ರ್ಯಾಂಡ್ | 3 | 5 |
| ಜಿಐ ಹೆಸರಿನದ್ದು | 4 | 1 |

ಅದೇ ಫಾರ್ಮುಲಾ ಹಾಕಿದ್ವಿ. 0.2 ಬಂತು. ಊರಿನ ಗೆರೆಯನ್ನ ಬೆಲೆ ಜೊತೆ ಹಾಕಿ ನೋಡಿದ್ವಿ, ಅದು 0.23. ಅಂದ್ರೆ ಊರು ಹೇಳೋದು ಬೆಲೆಯ ಇನ್ನೊಂದು ಹೆಸರಲ್ಲ, ಅದು ಬೇರೆಯೇ ಸಂಗತಿ. ಚುಕ್ಕಿಗಳೂ ಈಗ ಚದುರಿದ್ವು. ಸೂಪರ್ ಮಾರ್ಕೆಟ್ ಮತ್ತು ದೊಡ್ಡ ಕಂಪನಿ ಬೆಲೆಯ ನಕ್ಷೆಯಲ್ಲಿ ದೂರ ದೂರ ಇದ್ದವು, ಇಲ್ಲಿ ಒಂದರ ಮೇಲೊಂದು ಬಂದು ಕೂತವು. ಮಿಲ್ ಬ್ರ್ಯಾಂಡ್ ಮತ್ತು ಜಿಐ ಹೆಸರಿನದ್ದು ಅಲ್ಲಿ ಅಕ್ಕಪಕ್ಕ ಇದ್ದವು, ಇಲ್ಲಿ ಒಂದು ಮೇಲೆ, ಒಂದು ಕೆಳಗೆ ಹೋದವು. ನಕ್ಷೆ ಬದಲಾಗಿದ್ದರಿಂದ ಎದುರಾಳಿ ಯಾರು ಅನ್ನೋದೇ ಬದಲಾಯ್ತು. ಸಂಘದವರು ಟಿವಿ ಜಾಹೀರಾತಿನ ಕಂಪನಿಗೆ ಹೆದರ್ತಿದ್ರು. ಈ ನಕ್ಷೆ ಪ್ರಕಾರ ಅವರಿಗೆ ಹತ್ತಿರ ಇರೋದು ಕಲಬುರಗಿಯ ಮಿಲ್ಲಿನ ದೊಡ್ಡ ಚೀಲ.

ಈಗ ಕೊನೆಯ ಪರೀಕ್ಷೆ. ನನಗೆ ಇದೇ ಎಲ್ಲಕ್ಕಿಂತ ದೊಡ್ಡದು ಅನ್ನಿಸ್ತದೆ. ಎದುರಾಳಿ ನಾಳೆ ಬೆಳಿಗ್ಗೆ ಈ ಗೆರೆ ಮೇಲೆ ಜಾಗ ಬದಲಿಸೋಕೆ ಏನು ಖರ್ಚಾಗ್ತದೆ? ಬರೀ ಪೌಚ್ ಮೇಲಿನ ಅಕ್ಷರ ಬದಲಿಸಿದ್ರೆ ಸಾಕು ಅಂದ್ರೆ, ಆ ಗೆರೆ ಹೆಚ್ಚು ದಿನ ಬಾಳಲ್ಲ. "ನೈಸರ್ಗಿಕ", "ಮನೆಯ ರುಚಿ" ಇಂಥ ಮಾತೆಲ್ಲ ಪ್ರಿಂಟರ್ ಕೆಲಸ. ಬದಲಿಸೋಕೆ ಅವರ ಕೆಲಸದ ರೀತಿಯನ್ನೇ ಮುರಿದು ಕಟ್ಟಬೇಕು ಅಂದ್ರೆ, ಆ ಗೆರೆ ಅವರನ್ನೂ ನಿಮ್ಮನ್ನೂ ನಿಜವಾಗಿ ಬೇರೆ ಮಾಡ್ತದೆ.

ಊರಿನ ಗೆರೆ ಹಾಕಿ ನೋಡ್ರಿ. ದೇಶದ ತುಂಬ ಮಾರೋ ಕಂಪನಿಗೆ ವರ್ಷವಿಡೀ ಒಂದೇ ಥರದ ಬೇಳೆ ಬೇಕು. ಒಂದು ತಾಲೂಕಿನಲ್ಲಿ ಮಳೆ ಕೈಕೊಟ್ರೂ ಅವರ ಪ್ಯಾಕೆಟ್ ನಿಲ್ಲಬಾರದು. ಹಂಗಾಗಿ ಹಲವು ಮಾರುಕಟ್ಟೆಯ ತೊಗರಿ ಸೇರಿಸಲೇಬೇಕು. ನಮ್ಮ ದೇಶಕ್ಕೇ ತೊಗರಿ ಸಾಲಲ್ಲ. ತೊಗರಿ ತರಿಸೋಕೆ ಭಾರತ 2016ರಲ್ಲಿ ಮೊಜಾಂಬಿಕ್ ಜೊತೆ, 2021ರಲ್ಲಿ ಮಲಾವಿ ಮತ್ತು ಮ್ಯಾನ್ಮಾರ್ ಜೊತೆ ಒಪ್ಪಂದ ಮಾಡ್ಕೊಂಡದೆ. ಇಷ್ಟು ದೊಡ್ಡ ಹೊಳೆಯಿಂದ ನೀರು ತಗೊಳ್ಳೋರಿಗೆ "ಇದು ಇಂಥ ಹಳ್ಳಿಯ, ಇಂಥವರ ಹೊಲದ್ದು" ಅಂತ ಬರೆಯೋಕೆ ಆಗಲ್ಲ. ಅದು ಅವರ ದೋಷವಲ್ಲ, ಅವರ ಗಾತ್ರ. ಸಂಘಕ್ಕೆ ಇರೋ ಬಲವೂ ಅದೇ, ಚಿಕ್ಕದಾಗಿರೋದು.

ಆದ್ರೆ ಅದೇ ಮಾತು ಸಂಘಕ್ಕೂ ಭಾರ. ಹಳ್ಳಿ ಹೆಸರು ಬರೆದ್ರೆ ಒಳಗಿರೋ ಬೇಳೆ ಆ ಹಳ್ಳಿಯದ್ದೇ ಇರಬೇಕು. ಮಿಲ್ಲಿನಲ್ಲಿ ದೊಡ್ಡ ದೊಡ್ಡ ರಾಶಿ ಒಟ್ಟಿಗೆ ಓಡ್ತಾವೆ. ನಾಲ್ಕು ಕ್ವಿಂಟಲ್ ತಗೊಂಡು ಹೋದ್ರೆ ಯಾರದ್ದೋ ತೊಗರಿ ಜೊತೆ ಬೆರೆತು, ಅಷ್ಟೇ ತೂಕದ ಬೇರೆ ಬೇಳೆ ಕೈಗೆ ಬರಬಹುದು. ಹಂಗಾಗಿ ಬೇರೆಯಾಗಿ ಹಾಕಿಸ್ತೀವಿ ಅಂತ ಮಿಲ್ಲಿನವರ ಹತ್ತಿರ ಮೊದಲೇ ಮಾತಾಡಿ, ಒಬ್ಬರು ನಿಂತು ನೋಡಬೇಕು. ಇನ್ನೊಂದು ಸಂಗತಿ: ಜಿಐ ಗುರುತು ಇದೆ ಅಂತ ನಮ್ಮ ಜಿಲ್ಲೆಯ ಯಾರು ಬೇಕಾದ್ರೂ ಅದನ್ನ ಪೌಚ್ ಮೇಲೆ ಹಾಕೋಕೆ ಬರಲ್ಲ. ಕಾನೂನಿನ ಪ್ರಕಾರ ಅಧಿಕೃತ ಬಳಕೆದಾರರಾಗಿ ನೋಂದಣಿ ಆಗಬೇಕು. ಆಗೋ ತನಕ "ಕಿಣ್ಣಿ ಸುಲ್ತಾನ, ಆಳಂದ ತಾಲೂಕು" ಅಂತ ನಿಜವಾದ ವಿಳಾಸ ಬರೆಯೋದು, ಅಷ್ಟೇ.

ಈಗ ನಕ್ಷೆಯ ಮೇಲಿನ ಬಲ ಮೂಲೆ ನೋಡ್ರಿ. ಹಳ್ಳಿ ಹೆಸರು ಹೇಳೋ, ವರ್ಷಕ್ಕೆ ತುಂಬಿಡೋ ಬೇಳೆ. ಅಲ್ಲಿ ಚುಕ್ಕಿ ಇಲ್ಲ. ಬೆಲೆಯ ನಕ್ಷೆಯಲ್ಲೂ ಒಂದು ಮೂಲೆ ಖಾಲಿ ಇತ್ತಲ್ಲ, ಅದು ಬಾವಿ ಅಂತ ಗೊತ್ತಾಯ್ತು. ಇದು ಬಾವಿಯೋ, ನಿಜವಾದ ಸೈಟೋ ಅಂತ ನಕ್ಷೆ ಹೇಳಲ್ಲ. ನಕ್ಷೆ ಜಾಗ ತೋರಿಸ್ತದೆ, ಅಲ್ಲಿ ನೀರಿದೆಯಾ ಅಂತ ಇಳಿದೇ ನೋಡಬೇಕು. ನಾವು ಎರಡು ಪ್ರಶ್ನೆ ಹಾಕಿದ್ವಿ.

ಮೊದಲನೇದು, ಅಲ್ಲಿ ಯಾರೂ ಇಲ್ಲದಿರೋಕೆ ಕಾರಣ ಏನು? ದೊಡ್ಡವರಿಗೆ ಯಾಕೆ ಆಗಲ್ಲ ಅಂತ ಈಗಷ್ಟೇ ನೋಡಿದ್ವಿ. ಚಿಕ್ಕವರು ಯಾಕಿಲ್ಲ? ಬೇಳೆ ವರ್ಷ ಇಡಬೇಕು ಅಂದ್ರೆ ಚೆನ್ನಾಗಿ ಒಣಗಿರಬೇಕು. ಒಳಗೆ ಪಸೆ ಉಳಿದ್ರೆ ಹುಳ ಬೀಳ್ತದೆ, ಬೂಸ್ಟು ಬರ್ತದೆ. ಒಂದು ಚೀಲದಲ್ಲಿ ಹುಳ ಬಿದ್ರೆ ಆ ಮನೆ ಮುಂದಿನ ವರ್ಷ ಬರಲ್ಲ, ಮತ್ತು ಇದು ವರ್ಷಕ್ಕೆ ಒಂದೇ ಸಲ ಬರೋ ಗಿರಾಕಿ. ಜೊತೆಗೆ ತೊಗರಿ ರಾಶಿ ಆಗೋದು ಡಿಸೆಂಬರ್, ಜನವರಿಯಲ್ಲಿ. ಬೇಳೆ ಆಗಿ ಫೆಬ್ರವರಿ, ಮಾರ್ಚ್‌ನಲ್ಲಿ ಎಲ್ಲ ಒಮ್ಮೆಲೇ ಹೋಗಬೇಕು. ಕಷ್ಟ ಇದೆ. ಆದ್ರೆ ಈ ಕಷ್ಟಗಳು ಅಕ್ಕೋರಿಗೆ ಹೊಸದಲ್ಲ. ತಮ್ಮ ಮನೆ ಬೇಳೆಯನ್ನ ಅವರು ಇಷ್ಟು ವರ್ಷ ಒಣಗಿಸಿ ಇಟ್ಟವರೇ.

ಎರಡನೇದು, ಅಲ್ಲಿ ಗಿರಾಕಿ ಇದಾರಾ? "ಇದ್ರೆ ತಗೋತೀರಾ?" ಅಂತ ಕೇಳಿದ್ರೆ ಎಲ್ಲರೂ ಹೂಂ ಅಂತಾರೆ. ಊರ ಮೇಲಿನ ಪ್ರೀತಿಗೆ ಅಂದ ಹೂಂ ಅದು. ಅದಕ್ಕೆ ಕೇಳೋ ರೀತಿ ಬದಲಿಸಿದ್ವಿ: ಮುಂಗಡ ಕೊಡ್ರಿ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಮೂವತ್ತು ಕಿಲೋ ಚೀಲ ಇಡೋಕೆ ಜಾಗ ಇಲ್ಲ ಅಂತ ಅವರೇ ಹೇಳಿದ್ರು, ಹಂಗಾಗಿ ಹತ್ತು ಕಿಲೋ ಚೀಲ. ಮೂವತ್ತು ಮನೆ ಮುಂಗಡ ಕೊಟ್ರೆ ಮುನ್ನೂರು ಕಿಲೋ ಬೇಳೆ. 72ರ ಲೆಕ್ಕದಲ್ಲಿ ಅದಕ್ಕೆ ಸುಮಾರು 417 ಕಿಲೋ ತೊಗರಿ ಬೇಕು, ಬೆಂಬಲ ಬೆಲೆಯಲ್ಲಿ ಹತ್ತಿರ ಹತ್ತಿರ 33,000 ರೂಪಾಯಿಯ ಕಾಳು. ಸಂಘ ಹೊರಬಹುದಾದ ಭಾರ. ಪೌಚ್ ಅಚ್ಚು ಹಾಕಿಸೋದು ಸದ್ಯಕ್ಕಿಲ್ಲ. ಸಾದಾ ಚೀಲ, ಮೇಲೆ ಒಂದು ಸ್ಟಿಕ್ಕರ್. ಅದರಲ್ಲಿ ತೂಕ, ಬೆಲೆ, ಪ್ಯಾಕ್ ಮಾಡಿದ ತಿಂಗಳು, ಆಹಾರ ಸುರಕ್ಷತಾ ನೋಂದಣಿ ಸಂಖ್ಯೆ, ಹೀಗೆ ಕಾನೂನು ಕೇಳೋದೆಲ್ಲ ಇರ್ತದೆ. ಮುಂದೆ ದೊಡ್ಡದಾಗಿ ಹಳ್ಳಿ ಹೆಸರು, ಅದರ ಕೆಳಗೆ "ವರ್ಷದ ಬೇಳೆ".

ಮೂವತ್ತು ಮನೆ ಬರದಿದ್ರೆ? ಆಗ ಆ ಮೂಲೆ ಬಾವಿ ಅಂತ ತಿಳ್ಕೊಳ್ಳೋದು. ಮುಂಗಡ ವಾಪಸ್ ಕೊಡೋದು, ತೊಗರಿಯನ್ನ ಎಪಿಎಂಸಿಗೆ ಹಾಕೋದು. ಆ ದಾರಿ ಎಲ್ಲೂ ಹೋಗಿಲ್ಲ. ಕಳೆದುಕೊಳ್ಳೋದು ಒಂದಿಷ್ಟು ಸ್ಟಿಕ್ಕರ್, ಸಿಲಿಂಡರ್ ಖರ್ಚಲ್ಲ. ಈ ಸಂಖ್ಯೆಯನ್ನ ಮುಂಗಡ ಕೇಳೋಕೆ ಮುಂಚೆನೇ ಗೋಡೆ ಮೇಲೆ ಬರೆದಿಟ್ಟಾರೆ, ಆಮೇಲೆ ಹದಿನೆಂಟು ಬಂದಾಗ "ಹದಿನೆಂಟೂ ಚೊಲೋನೇ ಅದ" ಅಂತ ಅನ್ನಬಾರದು ಅಂತ.

ಮುಗಿಸೋ ಮುಂಚೆ ಒಂದು ಮಿತಿ ಹೇಳಿಬಿಡ್ತೀನಿ. ಈ ನಕ್ಷೆ ಊರು ಬಿಟ್ಟು ಹೋದ ನಮ್ಮ ಕಡೆಯವರ ಕಣ್ಣಿನಿಂದ ಬರೆದಿದ್ದು. ಕಿಣ್ಣಿ ಸುಲ್ತಾನ ಅನ್ನೋ ಹೆಸರನ್ನೇ ಕೇಳದ ಮೈಸೂರಿನ ಮನೆಗೆ ಹಳ್ಳಿ ಹೆಸರು ಬರೀ ಅಕ್ಷರ, ಅಲ್ಲಿ ಜಿಲ್ಲೆಯ ಹೆಸರೇ ಹೆಚ್ಚು ಕೆಲಸ ಮಾಡಬಹುದು. ಹೋಟೆಲಿನವರಿಗೆ ಮಾರೋಕೆ ಹೋದ್ರೆ ಎರಡೂ ಗೆರೆ ಬೇರೆ. ಅವರಿಗೆ ಬೇಕಾದ್ದು ಪ್ರತಿ ವಾರ ಒಂದೇ ಥರ ಬೇಯೋ ಬೇಳೆ ಮತ್ತು ಸಾಲದ ದಿನ. ಗಿರಾಕಿ ಬದಲಾದ್ರೆ ಮೂರು ಪ್ಯಾಕೆಟ್ ಮುಂದಿಟ್ಟು ಮತ್ತೆ ಮೊದಲಿಂದ ಕೇಳಬೇಕು.

ನಿಮ್ಮ ಊರಿನಲ್ಲೂ ಇಂಥ ಕಿಕ್ಕಿರಿದ ವ್ಯಾಪಾರ ಇರ್ತದೆ. ಅಫಜಲಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿ, ಜೇವರ್ಗಿಯಲ್ಲಿ ಖಾನಾವಳಿ, ಯಾವುದಾದ್ರೂ ಸರಿ. ಮೂರು ಮೂರು ಅಂಗಡಿ ಹೆಸರು ಹೇಳಿ "ಯಾವುದು ಬ್ಯಾರೆ, ಹೆಂಗ ಬ್ಯಾರೆ?" ಅಂತ ಹತ್ತು ಮಂದಿಯನ್ನ ಕೇಳ್ರಿ. ಸಿಕ್ಕ ಗೆರೆಗಳಲ್ಲಿ ಎರಡೂ ತುದಿಗೆ ಗಿರಾಕಿ ಇರೋದು ಯಾವುದು, ಎದುರಾಳಿ ಸುಲಭಕ್ಕೆ ದಾಟಲಾಗದ್ದು ಯಾವುದು ಅಂತ ನನಗೆ ಧ್ವನಿ ಸಂದೇಶ ಕಳಿಸ್ರಿ. ಚೊಲೋ ಇದ್ದದ್ದನ್ನ ಮುಂದಿನ ಸಂಚಿಕೆಯಲ್ಲಿ ಹಾಳೆ ಮೇಲೆ ಇಟ್ಟು ನೋಡೋಣ. ಬರ್ತೀನ್ರಿ.